ಅಂದಾಜು ಮೊತ್ತ ಕಾರಣ ಹೇಳದೆ ಹೆಚ್ಚಿಸಿದ ಬಗ್ಗೆ ದೂರು

ಬದಿಯಡ್ಕ
7 ನವೆಂಬರ್ 2025

ವ್ಯವಸ್ಥಾಪಕರಿಗೆ,
ದಂತ ಚಿಕಿತ್ಸಾಲಯ, ಕಾಸರಗೋಡು

ಮಾನ್ಯರೇ,

ನಿಮ್ಮಲ್ಲಿ ನನ್ನ ಬಲಗಡೆಯ ಕೆಳದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿದೆ. ಕ್ಯಾಪ್ ಹಾಕುವುದು ಬಾಕಿ ಇದೆ. ಅಕ್ಟೋಬರ್ 6ರಂದು ಮೊದಲ ಸಲ ಬಂದಾಗ ಕೌಂಟರಿನಲ್ಲಿ ಒಂದು ಚೀಟಿ ಬರೆದುಕೊಟ್ಟರು. ಎಕ್ಸ್‌ರೇ 200, ರೂಟ್ ಕೆನಾಲ್ 4,300, ಜಿರ್ಕೋನಿಯಾ ಕ್ಯಾಪ್ 6,000, ಒಟ್ಟು 10,500 ರೂಪಾಯಿ. ನಾನು ಒಪ್ಪಿದೆ. ಎರಡು ಕಂತಿನಲ್ಲಿ 4,500 ಕಟ್ಟಿದೆ, ಎರಡಕ್ಕೂ ರಸೀದಿ ಇದೆ.

ನವೆಂಬರ್ 3ರಂದು ಕ್ಯಾಪಿಗೆ ಅಳತೆ ತೆಗೆಸಲು ಬಂದಾಗ ಹೊಸ ಚೀಟಿ ಕೊಟ್ಟರು. ಎಕ್ಸ್‌ರೇ 600, ರೂಟ್ ಕೆನಾಲ್ 5,500, ಕ್ಯಾಪ್ 8,500. ಕೊನೆಗೆ 'ಅದರ್ ಪ್ರೊಸೀಜರ್' ಅಂತ 2,200. ಒಟ್ಟು 16,800. ಅಂದರೆ 6,300 ರೂಪಾಯಿ ಜಾಸ್ತಿ. ಯಾಕೆ ಎಂದು ಕೇಳಿದೆ. "ಈಗ ರೇಟ್ ಹೀಗೇ" ಎಂದರು, ಅಷ್ಟೇ. ಡಾಕ್ಟರರನ್ನು ಕೇಳೋಣ ಎಂದರೆ ಅವರು ಒಳಗೆ ಬೇರೆಯವರನ್ನು ನೋಡುತ್ತಿದ್ದರು. ಅಳತೆ ತೆಗೆಸದೆ ಬಸ್ಸು ಹತ್ತಿ ವಾಪಸ್ ಬಂದೆ.

ನನಗೆ ಹೆಚ್ಚು ಬೇಸರವಾದದ್ದು ರೂಟ್ ಕೆನಾಲಿನ ಲೆಕ್ಕ ನೋಡಿ. ಆ ಕೆಲಸ ಅಕ್ಟೋಬರ್ 27ಕ್ಕೇ ಮುಗಿದಿತ್ತು. ದುಡ್ಡೂ ಪೂರ್ತಿ ಕೊಟ್ಟಾಗಿತ್ತು. ಮುಗಿದ ಕೆಲಸಕ್ಕೆ ವಾರ ಕಳೆದ ಮೇಲೆ 1,200 ಜಾಸ್ತಿ ಆಗುವುದು ಹೇಗೆ? ಕ್ಯಾಪ್ ಕೂಡ ಹಾಗೆಯೇ. ಎರಡು ಚೀಟಿಯಲ್ಲೂ ಜಿರ್ಕೋನಿಯಾ ಎಂದೇ ಇದೆ. ಬೇರೆ ಬಗೆಯದು ಬೇಕೆಂದು ನಾನು ಹೇಳಿಲ್ಲ, ಬೇಕಾ ಎಂದು ಯಾರೂ ಕೇಳಿಯೂ ಇಲ್ಲ. 'ಅದರ್ ಪ್ರೊಸೀಜರ್' ಎಂದರೆ ಏನು ಮಾಡಿದ್ದೀರಿ, ಇಲ್ಲವೇ ಏನು ಮಾಡಲಿದ್ದೀರಿ ಎಂಬುದೂ ಗೊತ್ತಿಲ್ಲ.

ಎಕ್ಸ್‌ರೇ ವಿಷಯದಲ್ಲಿ ನನಗೆ ತಕರಾರಿಲ್ಲ. ಮತ್ತೆ ಎರಡು ಸಲ ತೆಗೆದದ್ದು ನಿಜ, ಆ 400 ಕೊಡುತ್ತೇನೆ. ಹಲ್ಲು ತೆರೆದ ಮೇಲೆ ಕೆಲಸ ಹೆಚ್ಚಾಗಬಹುದು ಎಂಬುದೂ ಅರ್ಥವಾಗುತ್ತದೆ. ಇನ್ನೊಂದು ಬೇರು ನಾಳ ಸಿಗಬಹುದು, ಹಲ್ಲು ತೀರಾ ಸವೆದಿದ್ದರೆ ಒಳಗೆ ಪೋಸ್ಟ್ ಇಡಬೇಕಾಗಬಹುದು. ಹಾಗೇನಾದರೂ ಆಗಿದ್ದರೆ ಅದನ್ನು ಹೇಳಬೇಕಿತ್ತು ಅಲ್ವಾ? ನಾನು ಹೊಲಿಗೆ ಕೆಲಸದವಳು. ಬಟ್ಟೆ ಸಾಲದೆ ಬಂದರೆ ಕತ್ತರಿ ಹಾಕುವ ಮೊದಲೇ ಗಿರಾಕಿಗೆ ಫೋನ್ ಮಾಡುತ್ತೇನೆ. ಹೊಲಿದು ಮುಗಿಸಿದ ಮೇಲೆ ಕೂಲಿ ಏರಿಸುವುದಿಲ್ಲ. ದೀಪಾವಳಿಗೆ ರಾತ್ರಿ ಕೂತು ಬ್ಲೌಸ್ ಹೊಲಿದ ದುಡ್ಡನ್ನು ಈ ಹಲ್ಲಿಗೆಂದೇ 10,500 ಲೆಕ್ಕ ಹಾಕಿ ತೆಗೆದಿಟ್ಟಿದ್ದೆ.

ಈಗ ಹಲ್ಲಿನಲ್ಲಿ ಇರುವುದು ತಾತ್ಕಾಲಿಕ ಫಿಲ್ಲಿಂಗ್. ಕ್ಯಾಪ್ ತಡವಾದರೆ ಹಲ್ಲು ಬಿರುಕು ಬಿಡಬಹುದು ಎಂದು ನಿಮ್ಮ ಡಾಕ್ಟರರೇ ಎಚ್ಚರಿಸಿದ್ದಾರೆ. ಅರ್ಧದಲ್ಲಿ ಬಿಟ್ಟು ಬೇರೆ ಕಡೆ ಹೋಗುವುದು ನನ್ನಂಥವರಿಗೆ ಸುಲಭವಲ್ಲ. ಅಂಥ ಹೊತ್ತಿನಲ್ಲಿ ಮೊತ್ತ ಏರಿಸಿದರೆ ರೋಗಿಗೆ ಬೇರೆ ದಾರಿ ಎಲ್ಲಿದೆ?

ಡಾಕ್ಟರರ ಕೆಲಸದ ಬಗ್ಗೆ ನನ್ನದು ಒಂದು ಮಾತೂ ಇಲ್ಲ. ನೋವು ಪೂರ್ತಿ ಹೋಗಿದೆ. ಅದಕ್ಕೇ ನಿಮ್ಮಲ್ಲೇ ಮುಗಿಸಬೇಕೆಂದು ಆಸೆ.

ಇನ್ನೊಂದು ಮಾತು. ಹೊಸ ಚೀಟಿಯ ಹಿಂದೆ ಮಲಯಾಳದಲ್ಲಿ ಏನೋ ಬರೆದು ಸಹಿ ಹಾಕಲು ಹೇಳಿದರು. ನಾನು ಹಾಕಲಿಲ್ಲ. ಕನ್ನಡ ಮೀಡಿಯಂನಲ್ಲಿ ಕಲಿತವಳು ನಾನು. ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಮ್ಮ ಕಡೆಯಿಂದ ನಿಮ್ಮಲ್ಲಿಗೆ ಬರುವ ಎಷ್ಟೋ ಹಿರಿಯರ ಸ್ಥಿತಿ ಇದೇ. ಓದಲಾಗದ ಕಾಗದಕ್ಕೆ ಸಹಿ ಕೇಳಬೇಡಿ.

ದಯವಿಟ್ಟು ಯಾವ ಸಾಲಿಗೆ ಎಷ್ಟು, ಯಾಕೆ ಏರಿತು ಎಂದು ಕನ್ನಡದಲ್ಲಿ ಬರೆದುಕೊಡಿ. ಡಾಕ್ಟರರ ಸಹಿಯೂ ಇರಲಿ. ನನ್ನ ಎಕ್ಸ್‌ರೇ ಪ್ರತಿಗಳನ್ನೂ ಕೊಡಿ. ಸರಿಯಾದ ಕಾರಣ ಇಲ್ಲವೆಂದಾದರೆ ಮೊದಲು ಹೇಳಿದ ಕ್ಯಾಪಿನ 6,000 ಮತ್ತು ಎಕ್ಸ್‌ರೇಯ 400, ಒಟ್ಟು 6,400 ತೆಗೆದುಕೊಂಡು ಕೆಲಸ ಮುಗಿಸಿಕೊಡಿ. ಕೇರಳದ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆಯ ಪ್ರಕಾರ ಚಿಕಿತ್ಸೆಯ ದರಗಳನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ನಿಮ್ಮಲ್ಲಿ ಅಂಥ ಬೋರ್ಡ್ ನನ್ನ ಕಣ್ಣಿಗೆ ಬೀಳಲಿಲ್ಲ. ಅದನ್ನೂ ಹಾಕಿ, ಪಕ್ಕದಲ್ಲಿ ಕನ್ನಡವೂ ಇರಲಿ.

ನವೆಂಬರ್ 17ರೊಳಗೆ ಉತ್ತರ ಬೇಕು. ಬಾರದಿದ್ದರೆ ಎರಡು ಚೀಟಿ, ರಸೀದಿ ಸಮೇತ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಅಲ್ಲಿಯವರೆಗೆ ಹೋಗಲು ನನಗೆ ಮನಸ್ಸಿಲ್ಲ. ನೀವು ಕರೆದರೆ ಯಾವ ದಿನವಾದರೂ ಮಧ್ಯಾಹ್ನದ ಮೇಲೆ ಬಂದು ಡಾಕ್ಟರರ ಎದುರಿಗೇ ಮಾತಾಡಲು ತಯಾರಿದ್ದೇನೆ. ಫೋನ್ ನಂಬರ್ ನಿಮ್ಮ ರಿಜಿಸ್ಟರಿನಲ್ಲಿದೆ.

ಇಂತಿ,
ಪುಷ್ಪಾವತಿ

ಜೊತೆಗೆ: ಎರಡು ಅಂದಾಜು ಚೀಟಿ ಮತ್ತು ಎರಡು ರಸೀದಿಗಳ ಜೆರಾಕ್ಸ್