ಮುಖ್ಯ ಗೇಟಿನ ಕಾವಲು ಸಿಬ್ಬಂದಿಗೆ ಕಾಯಂ ಸೂಚನೆಗಳು

ಪಾಳಿಗೆ 15 ನಿಮಿಷ ಮೊದಲೇ ಬನ್ನಿ. ರಿಜಿಸ್ಟರ್, ಕೀ ಗೊಂಚಲು, ಟಾರ್ಚ್ ನೋಡಿಕೊಂಡು ಸಹಿ ಹಾಕಿ. ಬದಲಿಯವರು ಬರುವವರೆಗೆ ಗೇಟ್ ಬಿಡಬೇಡಿ.

ಹೊರಗಿನವರು ಬಂದರೆ ಮೊದಲು ನಮಸ್ಕಾರ, ಆಮೇಲೆ ಪ್ರಶ್ನೆ. ಹೆಸರು, ಸಮಯ, ಯಾರನ್ನು ನೋಡಬೇಕು ಎಂದು ಬರೆದುಕೊಳ್ಳಿ. ಗುರುತಿನ ಚೀಟಿ ನೋಡಿ ವಾಪಸ್ ಕೊಡಿ. ಒಳಗಿನವರು ಫೋನಿನಲ್ಲಿ ಒಪ್ಪಿದ ಮೇಲಷ್ಟೇ ಪಾಸ್. "ಸಾಹೇಬರು ನನಗೆ ಗೊತ್ತು" ಅಂದರೂ ಇದೇ ನಿಯಮ. ಆದರೆ ಬಿಸಿಲಲ್ಲಿ ಸುಮ್ನೆ ನಿಲ್ಲಿಸಬೇಡಿ, ಕುರ್ಚಿ ಕೊಡಿ.

ಹೊರಹೋಗುವ ಲಾರಿಯ ಸೀಲ್ ನಂಬರನ್ನು ಗೇಟ್ ಪಾಸಿನ ಜೊತೆ ಒಂದೊಂದೇ ಅಂಕಿ ಹಿಡಿದು ತಾಳೆ ನೋಡಿ. ತಾಳೆಯಾಗದಿದ್ದರೆ ಗಾಡಿ ನಿಲ್ಲಿಸಿ, ಸೂಪರ್‌ವೈಸರನ್ನು ಕರೆಯಿರಿ. 5 ನಿಮಿಷದಲ್ಲಿ ಅವರು ಸಿಗದಿದ್ದರೆ ಭದ್ರತಾ ಅಧಿಕಾರಿಗೆ ಫೋನ್ ಮಾಡಿ, ಎಷ್ಟೇ ರಾತ್ರಿಯಾಗಿರಲಿ. ಜಗಳವಾದರೆ ಕೈ ಮಾಡಬೇಡಿ.

ಬೆಂಕಿ ಕಂಡರೆ ಅಪ್ಪಣೆಗೆ ಕಾಯಬೇಡಿ. ಸೈರನ್ ಒತ್ತಿ, ಅಗ್ನಿಶಾಮಕ ದಳಕ್ಕೆ ತಿಳಿಸಿ, ಗೇಟ್ ಪೂರ್ತಿ ತೆರೆಯಿರಿ.