ಚಿನ್ನಿ ಬಿದ್ದ ಕಡೆ

ರಾತ್ರಿ ಎರಡೂವರೆ. 48 ಗಂಟೆಯೊಳಗೆ ಒಂದು ವಿಡಿಯೋ ಗೇಮ್ ಮಾಡಿ ಮುಗಿಸಬೇಕಾದ ಗೇಮ್ ಜಾಮ್ ಬೆಳಿಗ್ಗೆ ಆರಕ್ಕೆ ಮುಗಿಯುತ್ತೆ. ಮೈಸೂರಿನ ನಮ್ಮ ಹಾಸ್ಟೆಲ್ ರೂಮಿನಲ್ಲಿ ಚಿನ್ನಿದಾಂಡು ಆಟ ಹೆಚ್ಚುಕಡಿಮೆ ಸಿದ್ಧ. ಚಿನ್ನಿ ಪುಟಿಯುತ್ತೆ, ದಾಂಡು ಬೀಸುತ್ತೆ, ಮಣ್ಣು ಏಳುತ್ತೆ. ಕ್ಯಾಚ್ ಹಿಡಿಯಬೇಕಾದ ಹುಡುಗ ಮಾತ್ರ ಚಿನ್ನಿಗೆ ಬೆನ್ನು ತಿರುಗಿಸಿ ಓಡುತ್ತಾನೆ.

"ಯಾಕೋ ಇವ್ನು ಹಿಂದಕ್ಕೆ ಓಡ್ತಾವ್ನೆ?" ಅಂದ ಮಧು. ಚಿತ್ರಗಳೆಲ್ಲ ಅವನವು. ಆ ಹುಡುಗನ ಹರಿದ ಚಡ್ಡಿಯನ್ನೂ ಅವನು ಎಷ್ಟು ಮುತುವರ್ಜಿಯಿಂದ ಬಿಡಿಸಿದ್ದ!

ಮೊದಲು ಅನಿಮೇಷನ್ ಮೇಲೆ ಅನುಮಾನಪಟ್ಟು ಒಂದು ಗಂಟೆ ಕಳೆದೆ. ಆಮೇಲೆ ಸಾಕಾಗಿ ದೂರಕ್ಕೆ ಮೈನಸ್ ಚಿಹ್ನೆ ತೆಗೆದುಹಾಕುವ `abs()` ಹಾಕಿದೆ. ಹುಡುಗ ಸರಿಯಾಗಿ ಓಡಿದ. ಖುಷಿಯಿಂದ ಎಡಗೈ ಆಟಗಾರನನ್ನು ಇಳಿಸಿದರೆ, ಚಿನ್ನಿ ಎಡಕ್ಕೆ ಹಾರಿತು, ಹುಡುಗ ಬಲಕ್ಕೆ ಹೋದ. `abs()` ಅಳಿಸಿದೆ.

ಮಧು ರೆಕಾರ್ಡ್ ಬುಕ್ಕಿನ ಸ್ಟೀಲ್ ಸ್ಕೇಲ್ ತೆಗೆದು ಲ್ಯಾಪ್‌ಟಾಪ್ ಪರದೆಗೇ ಹಿಡಿದ. ಚಿನ್ನಿ ಬಿದ್ದದ್ದು ಬಲಕ್ಕೆ ಏಳು ಸೆಂಟಿಮೀಟರ್. ಹುಡುಗ ನಿಂತದ್ದು ಎಡಕ್ಕೆ ಏಳು.

"ಲೆಕ್ಕ ಸರಿಯಾಗೇ ಮಾಡವ್ನೆ ಕಣೋ. ದಿಕ್ಕು ತಪ್ಪವ್ನೆ."

ಮೈ ಜುಮ್ಮೆಂದಿತು. ಚಿನ್ನಿ ಬೀಳುವ ಜಾಗ ಲೆಕ್ಕ ಹಾಕುವ ಕಡೆ ಒಂದು `print` ಸೇರಿಸಿ ಮತ್ತೆ ಹೊಡೆದೆ.

```
t = -1.0  x = -300.0
```

ಸಮಯ ಮೈನಸ್ ಒಂದು ಸೆಕೆಂಡು. ಪಾಪ, ಚಿನ್ನಿ ಹಾರುವುದಕ್ಕೆ ಒಂದು ಸೆಕೆಂಡು ಮುಂಚೆಯೇ ಬಿದ್ದಿರುತ್ತೆ ಅಂತ ನಾನೇ ಆ ಹುಡುಗನಿಗೆ ಹೇಳಿಕೊಟ್ಟಿದ್ದೆ.

```gdscript
var t = 2.0 * velocity.y / gravity
```

ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಸೂತ್ರ. ಪುಸ್ತಕದಲ್ಲಿ ಮೇಲಕ್ಕೆ ಪ್ಲಸ್. ನಾವು ಆಟ ಕಟ್ಟುತ್ತಿದ್ದ ಗೋಡೋ ಗೇಮ್ ಎಂಜಿನ್ನಿನ 2ಡಿ ಪರದೆಯಲ್ಲಿ ವೈ ಅಕ್ಷ ಕೆಳಕ್ಕೆ ಬೆಳೆಯುತ್ತೆ, ಹಾಗಾಗಿ ಮೇಲಕ್ಕೆ ಹಾರುವ ಚಿನ್ನಿಯ ವೇಗ -490, ಗುರುತ್ವ 980. ಚಿನ್ನಿಯನ್ನು ಹಾರಿಸುವಾಗ ನೆನಪಿಟ್ಟಿದ್ದನ್ನು ಹಿಡಿಯುವಾಗ ಮರೆತಿದ್ದೆ.

```gdscript
var t = -2.0 * velocity.y / gravity
```

ಮಧು ಸ್ಕೇಲ್ ಕೆಳಗಿಡಲಿಲ್ಲ. ಚಿನ್ನಿ ಪುಟಿಯಿತು, ದಾಂಡು ಬೀಸಿತು. ಹುಡುಗ ಬಲಕ್ಕೆ ಓಡಿ, ಕತ್ತೆತ್ತಿ, ಎರಡೂ ಕೈ ಚಾಚಿ ಹಿಡಿದ. ಎರಡು ದಿನದ ಹಿಂದೆ ಮಧು ಬಿಡಿಸಿಟ್ಟಿದ್ದ ಆ ಕೈ ಚಾಚಿದ ಚಿತ್ರವನ್ನು ಆಟದೊಳಗೆ ನಾವು ನೋಡಿದ್ದು ಆಗಲೇ ಮೊದಲು.

"ಎಡಗಡೆಗೂ ಹೊಡಿ," ಅಂದ. ಅವನ ದನಿ ಸ್ವಲ್ಪ ನಡುಗುತ್ತಿತ್ತು.

ಎಡಕ್ಕೂ ಹಿಡಿದ.

ವೆಬ್‌ಗೆ ಎಕ್ಸ್‌ಪೋರ್ಟ್ ಮಾಡಿ, ಫೈಲಿನ ಹೆಸರು `index.html` ಅಂತಲೇ ಇದೆಯಾ ಅಂತ ಇಬ್ಬರೂ ನೋಡಿ, ಜಿಪ್ ಮಾಡಿ ಗೇಮ್‌ಗಳ ತಾಣ itch.io ಗೆ ಏರಿಸಿದಾಗ ಐದೂ ಇಪ್ಪತ್ತು. ಕೆಳಗೆ ಮೆಸ್ಸಿನಲ್ಲಿ ಪಾತ್ರೆ ಸದ್ದು ಶುರುವಾಗಿತ್ತು. ಮಧು ಮಲಗಲಿಲ್ಲ. ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ತಾನು ಕೂತು, ಇನ್ನೊಂದು ಚಿನ್ನಿ ಹೊಡೆದ.