ತಣಿಯದ ಮಡಕೆ

‘ಕರೆಂಟ್ ಬೇಡದ ಫ್ರಿಜ್! ಹೊರಗೆ 40 ಡಿಗ್ರಿ, ಒಳಗೆ 27 ಡಿಗ್ರಿ!’

ಸಿಂಧು ಬರೆದ ಚಾರ್ಟು ದೂರದಿಂದಲೇ ಕಣ್ಣಿಗೆ ಬೀಳುತ್ತಿತ್ತು. ಕೆಳಗೆ ಮೇಜಿನ ಮೇಲೆ ದೊಡ್ಡ ಮಡಕೆ, ಅದರೊಳಗೆ ಚಿಕ್ಕ ಮಡಕೆ, ನಡುವಿನ ಸಂದಿಯಲ್ಲಿ ಒದ್ದೆ ಮರಳು. ಬಾಯಿಗೆ ಒದ್ದೆ ಗೋಣಿಚೀಲ. ಮರಳಿನ ನೀರು ಹೊರಮಡಕೆಯ ಮೈಯಿಂದ ಆವಿಯಾಗಿ ಹೋಗುವಾಗ ಒಳಗಿನ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಬೇಸಿಗೆ ರಜೆಯಲ್ಲಿ ರಾಯಚೂರಿನ ಚಿಕ್ಕಪ್ಪನ ಮನೆಯಲ್ಲಿ ಅವಳೇ ಇದನ್ನು ಮಾಡಿ ನೋಡಿದ್ದಳು. ಒಳಗಿಟ್ಟ ಹಸಿಮೆಣಸು ನಾಲ್ಕು ದಿನವಾದರೂ ಬಾಡಿರಲಿಲ್ಲ.

ವಿಜ್ಞಾನ ಮೇಳ ನಡೆದದ್ದು ಅಕ್ಟೋಬರಿನಲ್ಲಿ, ಕುಂದಾಪುರದಲ್ಲಿ. ಹಿಂದಿನ ರಾತ್ರಿ ಜೋರು ಮಳೆ. ಬೆಳಿಗ್ಗೆಯಿಂದ ಸಿಂಧು ಮೂರು ಸಲ ಥರ್ಮಾಮೀಟರ್ ಇಳಿಬಿಟ್ಟಳು. ಸಭಾಂಗಣದಲ್ಲಿ 31, ಮಡಕೆಯೊಳಗೆ 29. ಮರಳಿಗೆ ಇನ್ನಷ್ಟು ನೀರು ಹೊಯ್ದಳು. 29. ಗೋಣಿ ಹಿಂಡಿ ಮತ್ತೆ ಹೊದಿಸಿದಳು. ಅದೇ 29.

ಪಕ್ಕದ ಮೇಜಿನಲ್ಲಿ ನಾಗರಾಜನ ಜ್ವಾಲಾಮುಖಿ ಇತ್ತು. (ಜ್ವಾಲಾಮುಖಿ ಇಲ್ಲದ ವಿಜ್ಞಾನ ಮೇಳ ಎಲ್ಲಿದೆ ಹೇಳಿ!) ಅವನು ಹತ್ತಿರ ಬಂದು ಪಿಸುಗುಟ್ಟಿದ.

“ಎಂತ ಮಾರಾಯ್ತಿ, ಸುಮ್ಮನೆ ಕೂತಿದ್ದೆ? ಶರಬತ್ತಿನವರ ಹತ್ರ ಐಸ್ ಇತ್ತು. ಎರಡು ತುಂಡು ಒಳಗೆ ಹಾಕು, ಯಾರಿಗೆ ಗೊತ್ತಾಗ್ತದೆ?”

ಅವನೇ ಓಡಿಹೋಗಿ ಲೋಟದಲ್ಲಿ ಐಸ್ ತಂದುಕೊಟ್ಟ. ಸಿಂಧು ಗೋಣಿಯ ಅಂಚು ಎತ್ತಿದಳು. ಐಸ್ ಹಾಕಿದರೆ 27 ಏನು, 20 ಬೇಕಾದರೂ ಬಂದೀತು. ಆದರೆ ಆಮೇಲೆ ಮಡಕೆಗೇನು ಕೆಲಸ? ಗೋಣಿ ಮುಚ್ಚಿ ಲೋಟ ವಾಪಸು ಕೊಟ್ಟಳು. ನಾಗರಾಜ ಐಸನ್ನು ಕಟಕಟ ಅಗಿದು ತಿಂದ.

ತೀರ್ಪುಗಾರರು ಬಂದರು. ನಿವೃತ್ತ ಮೇಷ್ಟ್ರಂತೆ. ಥರ್ಮಾಮೀಟರ್ ನೋಡಿದರು, ಚಾರ್ಟ್ ನೋಡಿದರು.

“ಈ 40, 27 ಯಾವ ಊರಿನ ಲೆಕ್ಕ ಮಗಾ?”

“ರಾಯಚೂರು ಸರ್.”

“ಊರಿನ ಹೆಸರು ಬರೀಲಿಲ್ಲ ಯಾಕೆ?”

ಸಿಂಧು ಬಾಯಿ ಬಿಡಲಿಲ್ಲ. ಊರಿಗೂ ಮಡಕೆಗೂ ಸಂಬಂಧ ಇದ್ದೀತು ಅಂತ ಅವಳಿಗೆ ಹೊಳೆದೇ ಇರಲಿಲ್ಲ. ಅವರು ಏನೋ ಬರೆದುಕೊಂಡು ಮುಂದೆ ಹೋದರು. ಮೊದಲ ಬಹುಮಾನ ಹನಿ ನೀರಾವರಿಯ ಮಾದರಿಗೆ ಹೋಯಿತು. ಜ್ವಾಲಾಮುಖಿಗೆ ಸಮಾಧಾನಕರ ಬಹುಮಾನ. ಸಿಂಧುಗೆ ಏನೂ ಇಲ್ಲ.

ಮನೆಯಲ್ಲಿ ಅವಳು ಮಡಕೆಗಳನ್ನು ಹಿತ್ತಲಿಗೆ ತಳ್ಳಿ ಮುಖ ಊದಿಸಿಕೊಂಡು ಕೂತಳು. ಜಗಲಿಯಲ್ಲಿ ಅಜ್ಜಿ ಸೀರೆ ಮುಟ್ಟಿ ಮುಟ್ಟಿ ನೋಡಿ ಗೊಣಗುತ್ತಿದ್ದರು. “ನಿನ್ನೆ ಒಗೆದದ್ದು, ಇನ್ನೂ ಹಸಿ ಹಸಿ. ಈ ಗಾಳಿಗೆ ಎಂತದೂ ಒಣಗುದಿಲ್ಲ.”

ರಾಯಚೂರಿನಲ್ಲಿ ಚಿಕ್ಕಮ್ಮ ಒಗೆದು ಹಾಕಿದ ಬಟ್ಟೆ ಊಟ ಮುಗಿಯುವುದರೊಳಗೆ ಗರಿಗರಿ ಒಣಗಿರುತ್ತಿತ್ತು. ಸಿಂಧು ಎದ್ದಳು.

ಎರಡು ಥರ್ಮಾಮೀಟರ್ ತಂದು ಜಗಲಿಯಲ್ಲಿ ತೂಗುಹಾಕಿದಳು. ಒಂದನ್ನು ಹಾಗೇ ಬಿಟ್ಟಳು. ಇನ್ನೊಂದರ ಬುರುಡೆಗೆ ಹಳೇ ಪಂಚೆಯ ತುಂಡು ಸುತ್ತಿ ನೀರಿನಲ್ಲಿ ನೆನೆಸಿ, ರಟ್ಟಿನಿಂದ ಗಾಳಿ ಬೀಸಿದಳು. ಬರಿಯದ್ದು 30 ತೋರಿಸಿತು. ಒದ್ದೆಯದ್ದು ಇಳಿದು ಇಳಿದು 27ಕ್ಕೆ ನಿಂತಿತು. ಎಷ್ಟು ಬೀಸಿದರೂ ಅಷ್ಟೇ. ಮಡಕೆಯನ್ನು ಮತ್ತೆ ತಂದು ಫ್ಯಾನಿನ ಎದುರು ಇಟ್ಟಳು. ಈ ಸಲ ಬೇಗ ಇಳಿಯಿತು, ಆದರೆ 27ರ ಕೆಳಗೆ ಹೋಗಲಿಲ್ಲ.

ರಾಯಚೂರಿಗೆ ಫೋನ್ ಮಾಡಿ ತಮ್ಮ ಸಂತೋಷನಿಗೂ ಹಾಗೇ ಮಾಡಲು ಹೇಳಿದಳು. ಮಧ್ಯಾಹ್ನ ಅವನ ಉತ್ತರ ಬಂತು: “ಬರೀದು 33, ಒದ್ದೀದು 23 ಅಕ್ಕಾ!”

ಅಲ್ಲಿ ಹತ್ತು ಡಿಗ್ರಿ, ಇಲ್ಲಿ ಮೂರೇ. ಸಮುದ್ರದ ಗಾಳಿ ಆಗಲೇ ನೀರು ಕುಡಿದು ಬಂದಿರುತ್ತದೆ, ಮಡಕೆಯ ನೀರಿಗೆ ಅದರಲ್ಲಿ ಜಾಗವಿಲ್ಲ. ಮಡಕೆ ತನ್ನ ಕೈಲಾದಷ್ಟು ತಣಿದಿತ್ತು. ಚಾರ್ಟು ಮಾತ್ರ ಬೇರೆ ಊರಿನ ಮಾತು ಹೇಳುತ್ತಿತ್ತು.

ಅಂದಿನಿಂದ ಸಿಂಧು ದಿನಾ ಮಧ್ಯಾಹ್ನ ಎರಡೂ ಅಂಕಿ ಬರೆದಿಡತೊಡಗಿದಳು. ದಿನಾಂಕ, ಹೊತ್ತು, ಎಲ್ಲಕ್ಕೂ ಮೊದಲು ಊರು. ನವೆಂಬರಿನಲ್ಲಿ ವ್ಯತ್ಯಾಸ ನಾಲ್ಕಾಯಿತು, ಐದಾಯಿತು. ಡಿಸೆಂಬರಿನ ಒಂದು ದಿನ ಘಟ್ಟದ ಕಡೆಯಿಂದ ಒಣಗಾಳಿ ಬೀಸಿತು: 32, 24. ಎಂಟು ಡಿಗ್ರಿ!

ಅವಳು ಹಿತ್ತಲಿಗೆ ಓಡಿದಳು. ದೊಡ್ಡ ಮಡಕೆಯಲ್ಲಿ ಅಜ್ಜಿ ಬಸಳೆ ನೆಟ್ಟಾಗಿತ್ತು. ಬಳ್ಳಿ ಚಪ್ಪರ ಹತ್ತುತ್ತಿತ್ತು.

“ಅಜ್ಜೀ, ನನ್ನ ಫ್ರಿಜ್!”

“ಮುಟ್ಟಬೇಡ ಹೆಣ್ಣೆ,” ಅಜ್ಜಿ ಒಳಗಿನಿಂದಲೇ ಕೂಗಿದರು, “ಶನಿವಾರದ ಸಂತೆಯಲ್ಲಿ ಬೇರೆ ತೆಗೆದುಕೊಡ್ತೆ.”